ಡಿಸೈನ್ ಬೇಡ ಅಂದವರು ಡ್ರಾಯಿಂಗ್ ವಾಪಸ್ ಕೊಟ್ಟರೇ?

*ಸಂಪಾದಕರೇ, ನಾನು ಇಂಟೀರಿಯರ್ ಡಿಸೈನರ್. ಮಡಿಕೇರಿ ಹತ್ತಿರ ಹಳೇ ಮನೆಯೊಂದನ್ನು ಹೋಂಸ್ಟೇ ಮಾಡಲು ಒಬ್ಬರು ಕರೆದರು, ತಂದೆಗೆ ಪರಿಚಯದವರು. ಒಟ್ಟು ಶುಲ್ಕ 1,60,000 ಎಂದು ವಾಟ್ಸ್‌ಆ್ಯಪ್‌ನಲ್ಲಿ ಮಾತಾಗಿ 20,000 ಮುಂಗಡ ಕೊಟ್ಟರು. ಲೇಔಟ್, 3ಡಿ, 14ರಲ್ಲಿ 10 ವರ್ಕಿಂಗ್ ಡ್ರಾಯಿಂಗ್ ಕಳಿಸಿದ ಮೇಲೆ ‘ಯಾಕೋ ಒಪ್ಪಿಗೆಯಾಗಲಿಲ್ಲ, ಬಿಡಿ’ ಅಂದರು. ಈಗ ನೋಡಿದರೆ ಬುಕಿಂಗ್ ಫೋಟೋಗಳಲ್ಲಿ ನನ್ನದೇ ಡಿಸೈನ್! ಕೇಳಿದ್ದಕ್ಕೆ ‘ರಿಜೆಕ್ಟ್ ಮಾಡಿದ ಕೆಲಸಕ್ಕೆ ದುಡ್ಡು ಯಾಕೆ? ಎಲ್ಲ ನಮ್ಮ ಆಚಾರಿ ಮಾಡಿದ್ದು’ ಅನ್ನುತ್ತಾರೆ. ಡ್ರಾಯಿಂಗ್, ಫೋಟೋ ಲಗತ್ತಿಸಿದ್ದೇನೆ. ನನಗೆ ಹಕ್ಕಿದೆಯೇ?*
*— ಹೆಸರು ಬೇಡ, ಕೊಡಗು*

ಇದೆ. ನಿಮ್ಮ ಎದುರು ಪಕ್ಷದವರ ಮಾತಿನಲ್ಲೂ ಒಂದು ಚೂರು ನ್ಯಾಯವಿದೆ, ಅದನ್ನು ಮೊದಲು ಮುಗಿಸುತ್ತೇನೆ. ಮನೆ ಅವರದು, ದುಡ್ಡು ಅವರದು. ನಿಮ್ಮ ಡಿಸೈನ್ ಇಷ್ಟವಾಗಲಿಲ್ಲ ಎನ್ನುವ ಸ್ವಾತಂತ್ರ್ಯ ಅವರಿಗೆ ಪೂರ್ತಿ ಇದೆ, ಕಾರಣವನ್ನೂ ಕೊಡಬೇಕಿಲ್ಲ. ಆದರೆ ಬೇಡ ಎಂದ ಮೇಲೆ ಅದು ಬೇಡವೇ ಆಗಿರಬೇಕು. ಹಾಳೆಗಳನ್ನು ಆಚಾರಿಯ ಕೈಗಿಟ್ಟ ದಿನವೇ ಆ ‘ಬೇಡ’ ಮುರಿದುಬಿತ್ತು.

ನಮ್ಮ ಸುಪ್ರೀಂ ಕೋರ್ಟ್ 1961ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ನಡುವಿನ ಮೊಕದ್ದಮೆ ಅದು. 1944ರಲ್ಲಿ ಬಂಗಾಳದ ಆರಾಮ್‌ಬಾಗ್‌ನಲ್ಲಿ ಅಧಿಕಾರಿಗಳು ಕೇಳಿದಂತೆ ಗುತ್ತಿಗೆದಾರರು ಕಚ್ಚಾ ರಸ್ತೆ, ಕಾವಲಿನವರ ಕೋಣೆ, ಆಫೀಸು, ಅಡುಗೆಮನೆ ಕಟ್ಟಿಕೊಟ್ಟರು. ಸರ್ಕಾರ ಎಲ್ಲವನ್ನೂ ಬಳಸಿಕೊಂಡಿತು, ಬಿಲ್ ಬಂದಾಗ ಮಾತ್ರ ‘ಕ್ರಮಬದ್ಧವಾದ ಒಪ್ಪಂದವೇ ಆಗಿಲ್ಲ’ ಎಂದಿತು. ಒಪ್ಪಂದ ಸರಿಯಿರಲಿಲ್ಲ ಎನ್ನುವುದನ್ನು ನ್ಯಾಯಾಲಯವೂ ಒಪ್ಪಿತು. ಆದರೂ ದುಡ್ಡು ಕೊಡಿ ಎಂದಿತು. ಅದಕ್ಕೆ ಆಧಾರ 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ: ಒಬ್ಬರು ನ್ಯಾಯಬದ್ಧವಾಗಿ, ಪುಕ್ಕಟೆಯ ಉದ್ದೇಶವಿಲ್ಲದೆ ಕೆಲಸ ಮಾಡಿ, ಇನ್ನೊಬ್ಬರು ಅದರ ಲಾಭ ಉಂಡರೆ ಪರಿಹಾರ ಕೊಡಬೇಕು. ಅದೇ ತೀರ್ಪಿನಲ್ಲಿ ನಿಮಗೆ ಬೇಕಾದ ಇನ್ನೊಂದು ಮಾತೂ ಇದೆ. ಕೊಟ್ಟದ್ದನ್ನು ಒಲ್ಲೆ ಎನ್ನಲು, ಹಿಂದಿರುಗಿಸಲು ಪಡೆದವನಿಗೆ ಅವಕಾಶವಿತ್ತು. ಹಾಗೆ ಮಾಡಿದ್ದರೆ 70ನೇ ಕಲಂ ಅವನಿಗೆ ತಗಲುತ್ತಲೇ ಇರಲಿಲ್ಲ. ನಿಮ್ಮ ಪರಿಚಯಸ್ಥರು ಬಾಯಲ್ಲಿ ಒಲ್ಲೆ ಅಂದರು, ಕೈಯಲ್ಲಿ ಇಟ್ಟುಕೊಂಡರು.

ಇದು ಎರಡನೇ ದಾರಿ. ನಿಮಗೆ ಮೊದಲನೆಯದೇ ಇದೆ. ಮೊತ್ತ ಬರೆದ ವಾಟ್ಸ್‌ಆ್ಯಪ್ ಸಂದೇಶ, ಅದಕ್ಕೆ ಅವರ ‘ಸರಿ’, ಬ್ಯಾಂಕಿಗೆ ಬಂದ ಮುಂಗಡ, ಇವಿಷ್ಟು ಸೇರಿದರೆ ಅದು ಒಪ್ಪಂದವೇ. ಸ್ಟಾಂಪ್ ಪೇಪರ್ ಇಲ್ಲ ಎಂದು ಕಂಗಾಲಾಗಬೇಡಿ. ವಕೀಲರು ದಾವೆಯಲ್ಲಿ ಒಪ್ಪಂದವನ್ನು ಮುಂದಿಟ್ಟು, ಅದು ನಿಲ್ಲದಿದ್ದರೆ 70ನೇ ಕಲಂ ಎಂದು ಪರ್ಯಾಯವಾಗಿ ಕೇಳುತ್ತಾರೆ. ಎರಡರಲ್ಲೂ ಲೆಕ್ಕ ಬೇರೆ. ಒಪ್ಪಂದವಾದರೆ ನೀವು ಮಾಡಿಕೊಟ್ಟ ಕೆಲಸದ ಬೆಲೆ, 70ನೇ ಕಲಮಾದರೆ ಅವರು ಬಳಸಿಕೊಂಡದ್ದರ ಬೆಲೆ.

ಮೂರನೆಯದು ಕೃತಿಸ್ವಾಮ್ಯ. ದುಡ್ಡು ಕೊಟ್ಟು ಮಾಡಿಸಿದ ಮೇಲೆ ಡ್ರಾಯಿಂಗ್ ತಮ್ಮದು ಎಂದು ಮಾಲೀಕರೆಲ್ಲ ನಂಬಿದ್ದಾರೆ, ಅದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಭಾವಚಿತ್ರ ಮಾಡಿಸಿದವರದಾಗುತ್ತದೆ. ನಕ್ಷೆ, ಡ್ರಾಯಿಂಗ್ ಆ ಪಟ್ಟಿಯಲ್ಲಿ ಇಲ್ಲ. ನೀವು ಅವರ ಸಂಬಳದ ನೌಕರರಲ್ಲ, ಬರವಣಿಗೆಯಲ್ಲಿ ಹಕ್ಕು ಬಿಟ್ಟುಕೊಟ್ಟೂ ಇಲ್ಲ. ಹಾಗಾಗಿ ಅವು ನಿಮ್ಮವು. ಕಾಗದದ ಮೇಲಿನ ಚಿತ್ರವನ್ನು ಮರದಲ್ಲಿ ಕಟ್ಟುವುದೂ ನಕಲೇ ಎಂದು 14ನೇ ಕಲಂ ಹೇಳುತ್ತದೆ.

ಈಗ ನಿಜವಾದ ಜಗಳಕ್ಕೆ ಬರೋಣ. ‘ಆಚಾರಿ ಮಾಡಿದ್ದು’ ಅನ್ನುವ ಮಾತು ಸುಳ್ಳೆಂದು ತೋರಿಸುವುದು ಹೇಗೆ? ನಿಮ್ಮ ಪತ್ರದಲ್ಲಿ ‘ಐಮರದ ಮಾದರಿಯ ಕೂರುವ ಹಲಗೆ, ಕಲ್ಲಿನ ಗೋಡೆ, ತೂಗುದೀಪ, ಎಲ್ಲ ನನ್ನದೇ’ ಎಂದು ಬೇರೆ ಬರೆದಿದ್ದೀರಿ. ಅಲ್ಲಿ ನಿಮ್ಮ ಕಿವಿ ಹಿಂಡಬೇಕು. ಐಮರ ಕೊಡಗಿನ ಎಲ್ಲ ಐನ್‌ಮನೆಗಳ ಆಸ್ತಿ, ಅದು ನಿಮ್ಮದೂ ಅಲ್ಲ, ಅವರದೂ ಅಲ್ಲ. ಕಲ್ಪನೆಗೆ ಹಕ್ಕುದಾರರಿಲ್ಲ, ಅದನ್ನು ನೀವು ಅಳತೆ ಹಿಡಿದು ಬಿಡಿಸಿದ ರೀತಿಗೆ ಮಾತ್ರ ಹಕ್ಕು. ನೋಟಿಸ್‌ನಲ್ಲಿ ತೂಗುದೀಪವನ್ನೂ ಸೇರಿಸಿದರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು.

ವಾರ್ಡ್ರೋಬ್ ಹಿಂದೆ 50 ಮಿ.ಮೀ. ಜಾಗ ಬಿಟ್ಟು ಮೇಲೆ ಕೆಳಗೆ ಗಾಳಿಕಿಂಡಿ ಕೊಟ್ಟಿದ್ದೀರಿ. ಒಳ್ಳೆಯ ಕೆಲಸ. ಮುಂಗಾರು ಬಡಿಯುವ ಪಡುವಣ ಗೋಡೆಗೆ ಪ್ಲೈವುಡ್ ಅಂಟಿಸಿ ನಿಲ್ಲಿಸಿದರೆ ಆಗಸ್ಟ್ ಹೊತ್ತಿಗೆ ಒಳಗಿನ ಬಟ್ಟೆಗೆಲ್ಲ ಬೂಷ್ಟು. ಆದರೆ ಇಲ್ಲಿ ಕೆಲಸ ಮಾಡುವ ಯಾವ ಆಚಾರಿಗೂ ಇದು ಗೊತ್ತು. ಇದರಿಂದ ಏನೂ ಸಾಬೀತಾಗುವುದಿಲ್ಲ.

ಸಾಬೀತಾಗುವುದು ನಿಮ್ಮ ಏಳನೇ ಹಾಳೆಯಿಂದ, ಜಗಲಿಯ ಬೆಂಚಿನ ಕೆಳಗಿನ ಡ್ರಾಯರ್‌ಗಳಿಂದ. ಕಂಬದಿಂದ ಗೋಡೆಗೆ 1690 ಮಿ.ಮೀ. ಆಚಾರಿ ತಾನೇ ಮಾಡಿದ್ದರೆ ಮೂರಕ್ಕೆ ಭಾಗಿಸಿ ತಲಾ 563 ಇಡುತ್ತಿದ್ದ. ನೀವು 605, 605, 480 ಇಟ್ಟಿದ್ದೀರಿ. ಎಂಟು ಅಡಿಗೆ ನಾಲ್ಕಡಿ ಪ್ಲೈ ಹಾಳೆಯ ಅಗಲ 1220. ಗರಗಸ ತಿನ್ನುವ ಜಾಗ ಬಿಟ್ಟು ಎರಡು ಮುಖಫಲಕ ಒಂದೇ ಅಗಲದಲ್ಲಿ ಬರಲಿ ಎಂದು ಹಾಗೆ ಹಂಚಿದ್ದೀರಿ, ಉಳಿದದ್ದು ಕಂಬದ ಪಕ್ಕಕ್ಕೆ ಹೋಯಿತು. ಫೋಟೋದಲ್ಲೂ ಅಗಲ, ಅಗಲ, ಕಿರಿದು. ಕಿರಿದಾದದ್ದು ಕಂಬದ ಪಕ್ಕದಲ್ಲೇ. ಇಂಥ ಹಂಚಿಕೆ ಆಕಸ್ಮಿಕವಾಗಿ ಹೊಂದುವುದಿಲ್ಲ. ಹತ್ತೂ ಹಾಳೆಗಳಲ್ಲಿ ಇಂಥವನ್ನೇ ಹುಡುಕಿ: ಬೇಕೆಂದೇ ಸಮ ಮಾಡದ ಭಾಗಗಳು, ಮಾಮೂಲಿಗಿಂತ ಬೇರೆಯಾದ ಎತ್ತರಗಳು, ಡ್ರಾಯಿಂಗ್‌ನಲ್ಲಿ ಉಳಿದುಹೋಗಿ ಹಾಗೇ ಕಟ್ಟಲ್ಪಟ್ಟ ಎಡವಟ್ಟುಗಳು. ನಕಲು ಮಾಡಿದವರು ತಪ್ಪನ್ನೂ ನಕಲು ಮಾಡಿರುತ್ತಾರೆ. ಹೀಗೆ ನಾಲ್ಕೈದು ಸಿಕ್ಕರೆ ಧಾರಾಳ ಸಾಕು.

ಅಳತೆ ತೆಗೆಯಲು ಹೇಳದೆ ಕೇಳದೆ ಆ ಮನೆಗೆ ನುಗ್ಗಬೇಡಿ. ಎಲ್ಲರಿಗೂ ಕಾಣುವ ಬುಕಿಂಗ್ ಫೋಟೋಗಳನ್ನು ದಿನಾಂಕ, ವಿಳಾಸ ಸಮೇತ ಈಗಲೇ ಉಳಿಸಿಕೊಳ್ಳಿ, ನೋಟಿಸ್ ತಲುಪಿದ ಮರುದಿನ ಅವು ಮಾಯವಾಗಬಹುದು. ದಾವೆ ಹೂಡಿದ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಡಿ ಕೋರ್ಟ್ ಕಮಿಷನರ್ ಹೋಗಿ ಟೇಪ್ ಹಿಡಿಯುವಂತೆ ಕೇಳಬಹುದು. ಚಾಟ್ ಇರುವ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಇಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿ ಕೊಟ್ಟರೆ ಆಗದು. ಇನ್ನು, ಸಿಟ್ಟಿನಲ್ಲಿ ಹೋಂಸ್ಟೇಗೆ ಒಂದು ಸ್ಟಾರ್ ಕೊಟ್ಟು ‘ಕಳ್ಳರು’ ಎಂದು ಬರೆದಿದ್ದರೆ ಇವತ್ತೇ ತೆಗೆಯಿರಿ. ನಿಮ್ಮ ಮೇಲೇ ಮಾನನಷ್ಟದ ಕೇಸು ಬೀಳುತ್ತದೆ.

ಎಷ್ಟು ಕೇಳಬೇಕು? ಹಂತ ಹಂತದ ಶುಲ್ಕ ಬರೆದುಕೊಳ್ಳದೇ ಇದ್ದದ್ದು ನಿಮ್ಮ ದೊಡ್ಡ ಕೊರತೆ, ಆದ್ದರಿಂದ ಯಾರಿಗೂ ಅತಿ ಅನ್ನಿಸದ ಹಂಚಿಕೆಯೊಂದನ್ನು ನೀವೇ ಮುಂದಿಡಬೇಕು. ಮನೆಯ ಅಳತೆ ಮತ್ತು ಪ್ರಾಥಮಿಕ ಲೇಔಟ್‌ಗೆ ಶೇ. 20 ಎಂದರೆ 32,000. ಅಂತಿಮ ಲೇಔಟ್ ಮತ್ತು 3ಡಿಗೆ ಶೇ. 30, ಅಂದರೆ 48,000. ವರ್ಕಿಂಗ್ ಡ್ರಾಯಿಂಗ್‌ಗೆ ಶೇ. 35, ಅಂದರೆ 56,000. 14ರಲ್ಲಿ 10 ಹಾಳೆ ಕೊಟ್ಟಿದ್ದೀರಿ, ಆದ್ದರಿಂದ 40,000. ಕೆಲಸದ ಮೇಲ್ವಿಚಾರಣೆಯ ಶೇ. 15 ಬಿಟ್ಟುಬಿಡಿ, ನೀವು ಹೋಗಿಲ್ಲ. ಒಟ್ಟು 1,20,000. ಮುಂಗಡ ಕಳೆದರೆ ಒಂದು ಲಕ್ಷ. ‘ಪೂರ್ತಿ 1,60,000 ವಸೂಲಿ ಮಾಡುತ್ತೇನೆ’ ಎಂದು ಹೊರಟರೆ, ಮಾಡದ ಕೆಲಸಕ್ಕೂ ಕೇಳುವವರೆಂಬ ಹೆಸರು ಬಂದು, ಮಾಡಿದ್ದೂ ಅನುಮಾನಕ್ಕೆ ಬೀಳುತ್ತದೆ. ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಪರಿಚಯದವರೆಂದು ಸಂಕೋಚಪಡುತ್ತಾ ಕೂತರೆ ಆ ಗಡುವು ಕಾಯುವುದಿಲ್ಲ.

ಇದನ್ನು ಓದಿ ಹಲವು ಮಾಲೀಕರು ಮೂಗು ಮುರಿಯುತ್ತಾರೆ, ಗೊತ್ತು. ತೋಟ ಕೊಳ್ಳುವ ಮೊದಲು ಸರ್ವೆ ಮಾಡಿಸಿ, ಅಳತೆ ಮನಸ್ಸಿಗೆ ಬಾರದೆ ವ್ಯವಹಾರ ಬಿಟ್ಟರೂ ಸರ್ವೆಯವರ ದುಡ್ಡು ಕೊಟ್ಟೇ ಕಳಿಸುವ ಜನ ನಾವು. ಅದೇ ಜನಕ್ಕೆ ಡ್ರಾಯಿಂಗ್ ಮಾತ್ರ ಕಾಫಿ ಕುಡಿಯುತ್ತಾ ಗೀಚಿದ ಚೀಟಿಯಂತೆ ಕಾಣುತ್ತದೆ. ಇದನ್ನು ಕಲಿಸಿದ್ದು ಪೇಟೆಯ ಮಾಡ್ಯುಲರ್ ಕಿಚನ್ ಅಂಗಡಿಗಳ ‘ಡಿಸೈನ್ ಉಚಿತ’ ಬೋರ್ಡು. ಅಲ್ಲಿ ಯಾವುದೂ ಉಚಿತವಲ್ಲ; ಶುಲ್ಕ ಚದರಡಿ ದರದೊಳಗೆ ಕೂತಿರುತ್ತದೆ, ಅಷ್ಟೆ. ಬೇಕಿದ್ದರೆ ಅವರ ಡ್ರಾಯಿಂಗ್ ಮಾತ್ರ ಕೊಡಿ, ನಮ್ಮ ಆಚಾರಿಯ ಹತ್ತಿರ ಮಾಡಿಸುತ್ತೇವೆ ಎಂದು ಕೇಳಿ ನೋಡಿ. ಒಂದು ಹಾಳೆಯನ್ನೂ ಹೊರಗೆ ಬಿಡುವುದಿಲ್ಲ. ಪ್ಲೈ, ಗ್ರಾನೈಟ್, ಹಿಂಜ್ ಎಲ್ಲದರ ದರ ಬಾಯಿಪಾಠ ಇರುವ ಮಾಲೀಕರಿಗೆ, ಆ ಪ್ಲೈಯನ್ನು ಎಲ್ಲಿ ಕೊಯ್ದರೆ ಹಾಳೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದವರ ದರ ಕೇಳಿದರೆ ಮಾತ್ರ ಸಿಡಿಮಿಡಿ. ಅಂಗಡಿಯವರು ಜಾಣರು, ನೀವು ಅಲ್ಲ. ಅಳತೆ ಸಹಿತ ಡ್ರಾಯಿಂಗ್, ಮೇಲಾಗಿ ತಿದ್ದಲು ಬರುವ ಕ್ಯಾಡ್ ಫೈಲು, ಅದೂ ಎರಡನೇ ಕಂತು ಬರುವ ಮುಂಚೆ ಕಳಿಸಿದ್ದೀರಲ್ಲ!

ಕೊಡಗಿನಲ್ಲಿ ‘ಕಾಫಿ ಮಾರಿದ ಮೇಲೆ ಕೊಡುತ್ತೇನೆ’ ಎನ್ನುವುದು ಸುಳ್ಳಲ್ಲ, ಇಲ್ಲಿನ ಕೈ ಓಡುವುದೇ ಫಸಲಿನ ಮೇಲೆ. ಕಂತು ಫಸಲಿಗೇ ಇರಲಿ, ಆದರೆ ಡ್ರಾಯಿಂಗೂ ಆಗಲೇ ಹೋಗಲಿ. ಅಲ್ಲಿಯವರೆಗೆ ಅಳತೆಗಳಿಲ್ಲದ ಪಿಡಿಎಫ್, ಅಡ್ಡಕ್ಕೆ ‘ಪರಿಶೀಲನೆಗೆ ಮಾತ್ರ, ಕೆಲಸಕ್ಕಲ್ಲ’ ಎಂಬ ಮುದ್ರೆ. ಜತೆಗೆ ಮುಂಗಡದ ರಸೀದಿಯಲ್ಲಿ ಒಂದು ಸಾಲು: ಪೂರ್ತಿ ಶುಲ್ಕ ಬಂದ ಮೇಲಷ್ಟೇ ಡ್ರಾಯಿಂಗ್ ಬಳಸಲು ಅನುಮತಿ, ಅದೂ ಈ ಒಂದು ಕಟ್ಟಡಕ್ಕೆ.

ಸದ್ಯಕ್ಕೆ ವಕೀಲರ ಮೂಲಕ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ: ಹತ್ತು ಹಾಳೆಗಳ ಪಟ್ಟಿ, ಕಳಿಸಿದ ದಿನಾಂಕಗಳು, ಪಕ್ಕದಲ್ಲಿ ಹೊಂದುವ ಫೋಟೋ, ಒಂದು ಲಕ್ಷದ ಲೆಕ್ಕ, ಉತ್ತರಿಸಲು ಹದಿನೈದು ದಿನ. ಬಹುಶಃ ನಿಮ್ಮ ತಂದೆಗೇ ಫೋನ್ ಬರುತ್ತದೆ. ಎಪ್ಪತ್ತು ಸಾವಿರಕ್ಕೆ ಮುಗಿಸೋಣ ಎಂದರೆ ನನ್ನ ಸಲಹೆ, ಒಪ್ಪಿಕೊಳ್ಳಿ. ವಕೀಲರ ಫೀಸು, ಮಡಿಕೇರಿ ಕೋರ್ಟಿಗೆ ಅಲೆಯುವ ದಿನಗಳನ್ನು ಕಳೆದರೆ ಅದು ಕಡಿಮೆಯಲ್ಲ. ಆದರೆ ರಾಜಿ ಪತ್ರದಲ್ಲಿ ಈ ಮನೆಗೆ ಮಾತ್ರ ಎಂದು ಬರೆಸಿ. ಅವರ ಬುಕಿಂಗ್ ಪುಟದ ಕೊನೆಯ ಫೋಟೋ ಮತ್ತೊಮ್ಮೆ ನೋಡಿ, ಹಿಂದುಗಡೆ ಇನ್ನೊಂದು ಕಟ್ಟಡಕ್ಕೆ ಪಿಲ್ಲರ್ ಎದ್ದಿದೆ.

— ಸಂ.