‘ಹೌದು’ ಅಂದವರೆಲ್ಲ ದುಡ್ಡು ಕಟ್ಟಲ್ಲ

ಪ್ರಶ್ನೆ: ಮಣಿಪಾಲದ ಪಿಜಿಗಳಿಗೆ ತಿಂಗಳ ಲೆಕ್ಕದಲ್ಲಿ ಮನೆಯೂಟ ಕೊಡೋಣ ಅಂತಿದ್ದೇನೆ. ‘ಎಣ್ಣೆ ಕಡಿಮೆ ಇರುವ, ಆರೋಗ್ಯಕರ ಮನೆಯೂಟ ರೂಮಿಗೇ ಬಂದರೆ ಇಷ್ಟಪಡುತ್ತೀರಾ?’ ಅಂತ ನಾನೇ ಹೋಗಿ ಕೇಳಿದೆ. 40 ಜನರಲ್ಲಿ 37 ಜನ ಹೌದು ಅಂದರು. ದುಡ್ಡು ಕಟ್ಟಿದ್ದು ನಾಲ್ಕೇ ಜನ. ಎಲ್ಲಿ ತಪ್ಪಿತು?

ಉತ್ತರ: ಈ ಥರ ಕೇಳಿದರೆ ಬೇಡ ಅನ್ನುವವರು ಯಾರು? ನಿಮ್ಮ ಊಟವನ್ನು ನೀವೇ ಹೊಗಳಿ, ಬೆಲೆ ಮಾತ್ರ ಹೇಳಿಲ್ಲ. ಎಣ್ಣೆ ಎಷ್ಟಿದ್ದರೂ ಸರಿ, ರೂಮಿಗೆ ಬಂದರೆ ಸಾಕು ಅನ್ನುವವನೂ ಅದೇ ‘ಹೌದು’ ಹೇಳುತ್ತಾನೆ. ಅದರ ಮೇಲೆ ಎದುರಿಗೆ ನಿಂತು ಕೇಳಿದ್ದು ನೀವೇ. ದಾಕ್ಷಿಣ್ಯ ಅಂತ ಒಂದು ಇರುತ್ತದೆ ಅಲ್ವಾ?

‘ತಗೊಳ್ತೀರಾ’ ಅಂತ ಶುರು ಮಾಡಬೇಡಿ. ಆಗಿಹೋದದ್ದನ್ನು ಕೇಳಿ. ‘ನಿನ್ನೆ ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ?’ ಮೆಸ್, ಹೋಟೆಲ್, ಆ್ಯಪಿನಲ್ಲಿ ತರಿಸಿದ್ದು, ರೂಮಿನಲ್ಲೇ ಮಾಡಿದ್ದು, ಊಟವೇ ಮಾಡಿಲ್ಲ, ಬೇರೆ ಕಡೆ. ಎಲ್ಲಕ್ಕೂ ಜಾಗ ಇರಲಿ. ಆಮೇಲೆ ‘ಅದಕ್ಕೆ ಎಷ್ಟು ಖರ್ಚಾಯ್ತು?’ ಇದಕ್ಕೆ ಖಾಲಿ ಜಾಗ ಬಿಡಿ, ಅವರೇ ಬರೆಯಲಿ. 80–100, 100–120 ಅಂತ ನೀವೇ ಕೊಟ್ಟರೆ ಸುಮಾರು ಜನ ಸುಮ್ನೆ ನಡುವಿನದನ್ನು ಒತ್ತುತ್ತಾರೆ.

ಮೂರನೆಯದು, ‘ಪಿಜಿ ಬಾಡಿಗೆಯಲ್ಲಿ ಊಟ ಸೇರಿದೆಯಾ?’ ಇದನ್ನು ಯಾರೂ ಕೇಳುವುದಿಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ. ಒಮ್ಮೆ ಊಟಕ್ಕೆ ದುಡ್ಡು ಕೊಟ್ಟಾದವರು ಇನ್ನೊಮ್ಮೆ ಯಾಕೆ ಕೊಡುತ್ತಾರೆ? ನಿಮ್ಮ 37ರಲ್ಲಿ ಇಂಥವರು ಎಷ್ಟಿದ್ದರೋ!

ನಾಲ್ಕನೆಯದು ಅನ್ನದ್ದು. ‘ನಮ್ಮೂರಿನ ಕುಚ್ಚಲಕ್ಕಿ ಅನ್ನ ಇಷ್ಟವಾ?’ ಅಂದರೆ ಹೊರಗಿನಿಂದ ಓದಲು ಬಂದ ಹುಡುಗ ಮರ್ಯಾದೆಗೆ ಹೌದು ಅಂತಾನೆ. ‘ಮಧ್ಯಾಹ್ನ ಸಾಮಾನ್ಯವಾಗಿ ಏನು ತಿನ್ನುತ್ತೀರಿ?’ ಅಂತ ಕೇಳಿ. ಕುಚ್ಚಲಕ್ಕಿ, ಬೆಳ್ತಿಗೆ, ಚಪಾತಿ, ಬೇರೆ ಏನಾದರೂ ಅಂತ ಆಯ್ಕೆ ಕೊಡಿ.

ಬೆಲೆ ಕೊನೆಗೆ ಬರಲಿ, ಇಲ್ಲದಿದ್ದರೆ ಖರ್ಚಿನ ಉತ್ತರವೂ ಅದರ ಹತ್ತಿರಕ್ಕೇ ಜಾರುತ್ತದೆ. ‘26 ಊಟಕ್ಕೆ 2,600 ರೂಪಾಯಿ. ಈ ತಿಂಗಳು ಸೇರುತ್ತೀರಾ?’ ಸೇರುತ್ತೇನೆ, ಇಲ್ಲ, ಗೊತ್ತಿಲ್ಲ. ‘ಬರೀ 2,600’ ಅಂತ ಬರೆದರೆ ಮತ್ತೆ ಕೆಟ್ಟಿತು. ‘ಸೇರುತ್ತೇನೆ’ ಅಂದವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಒಂದು ವಾರದ ದುಡ್ಡು ಮುಂಗಡ ಕೇಳಿ ನೋಡಿ.

ಇಷ್ಟೇ, ಐದು ಪ್ರಶ್ನೆ. ಹಂಚುವ ಮುಂಚೆ ನಿಮ್ಮ ಪರಿಚಯವಿಲ್ಲದ ಮೂರು ಜನರಿಗೆ ಕೊಟ್ಟು ಜೋರಾಗಿ ಓದಿಸಿ, ಏನು ಅರ್ಥವಾಯ್ತು ಅಂತ ಕೇಳಿ. ‘ಅಂದ್ರೆ ಹೇಗೆ?’ ಅಂತ ಅವರು ನಿಮ್ಮ ಮುಖ ನೋಡಿದ ಪ್ರಶ್ನೆಯನ್ನು ತಿದ್ದಿ. ಗೂಗಲ್ ಫಾರ್ಮ್ ಮಾಡಿದರೆ ಹೆಸರು, ಇಮೇಲ್ ಕೇಳಬೇಡಿ. ಸೇರುವವರು ಬೇಕಿದ್ದರೆ ನಂಬರ್ ಕೊಡಲಿ.

ಪ್ರಶ್ನೆ: ಫಾರ್ಮ್ ತುಂಬಿದವರಿಗೆ ಒಂದು ಊಟ ಫ್ರೀ ಕೊಡಬಹುದಾ?

ಉತ್ತರ: ಕೊಟ್ಟರೆ ಫ್ರೀ ಊಟ ಯಾರಿಗೆ ಬೇಕು ಅಂತ ಗೊತ್ತಾಗುತ್ತದೆ, ಅಷ್ಟೇ.

ಪ್ರಶ್ನೆ: 50 ಪ್ರಶ್ನೆಗಳ ರೆಡಿಮೇಡ್ ಫಾರ್ಮ್ ಮಾರುತ್ತಾರೆ, ತಗೊಳ್ಳಲಾ?

ಉತ್ತರ: ಬೇಡ. ಆ ದುಡ್ಡಿಗೆ ಒಳ್ಳೆಯ ಸ್ಟೀಲ್ ಡಬ್ಬಿ ತಗೊಳ್ಳಿ.