ಶಾರ್ಟ್ ಲಿಂಕ್‌ನ 212 ಕ್ಲಿಕ್‌ನಲ್ಲಿ ಜನ ಎಷ್ಟು?

ಪ್ರಶ್ನೆ: "ಕಸಿ ಹಲಸಿನ ಗಿಡ ಬುಕಿಂಗ್ ಫಾರ್ಮಿನ ಶಾರ್ಟ್ ಲಿಂಕನ್ನು ಬೆಳಿಗ್ಗೆ 7ಕ್ಕೆ ಮೂರು ವಾಟ್ಸಾಪ್ ಗುಂಪು, ಟೆಲಿಗ್ರಾಮ್ ಚಾನೆಲ್‌ಗೆ ಹಾಕಿ, 60 ಜನರಿಗೆ ಮೇಲ್ ಮಾಡಿದೆ. ಕ್ಲಿಕ್ 212 ತೋರಿಸ್ತಿದೆ: ಭಾರತ 150, ಅಮೆರಿಕ 49, ಐರ್ಲೆಂಡ್ 13. ತುಂಬಿದವರು 31 ಮಾತ್ರ. ಫಾರ್ಮ್ ಉದ್ದ ಆಯ್ತಾ?"

ಮೇಡಂ, ಫಾರ್ಮನ್ನು ಈಗಲೇ ಮುಟ್ಟಬೇಡಿ. ಶಾರ್ಟ್ ಲಿಂಕ್ ಸರ್ವರ್‌ಗೆ ಯಾರಾದರೂ ಆ ವಿಳಾಸ ಕೇಳಿದರೆ ಅದು ಅಸಲಿ ವಿಳಾಸಕ್ಕೆ ದಾರಿ ತೋರಿಸುತ್ತದೆ, ಅಷ್ಟಕ್ಕೇ ಒಂದು ಕ್ಲಿಕ್ ಬರೆದುಕೊಳ್ಳುತ್ತದೆ. ಆಮೇಲೆ ಫಾರ್ಮ್ ತೆರೆಯಿತೋ, ನೆಟ್ ನಿಧಾನವೆಂದು ವಾಪಸ್ ಹೋದರೋ ಅದಕ್ಕೆ ತಿಳಿಯುವುದಿಲ್ಲ.

ಕೇಳುವುದು ಜನ ಮಾತ್ರವಲ್ಲ. ಟೆಲಿಗ್ರಾಮ್‌ಗೆ ಹಾಕಿದ ಕೂಡಲೇ ಪ್ರಿವ್ಯೂ ಚಿತ್ರಕ್ಕಾಗಿ ಅದರ ಸರ್ವರ್ ಲಿಂಕ್ ತೆರೆಯುತ್ತದೆ. ವಾಟ್ಸಾಪ್‌ನಲ್ಲಿ ಲಿಂಕ್ ಅಂಟಿಸುವವರ ಫೋನೇ ಆ ಕೆಲಸ ಮಾಡುವುದರಿಂದ ಅದು ಭಾರತದ ಲೆಕ್ಕಕ್ಕೆ ಬೀಳಬಹುದು. ಇವೆಲ್ಲ ಬೆರಳೆಣಿಕೆಯವು. ದೊಡ್ಡ ಅನುಮಾನ ಮೇಲ್ ಮೇಲೆ: ಹಲವು ಕಚೇರಿ, ಕಾಲೇಜಿನ ಮೇಲ್‌ಗಳಲ್ಲಿ ವೈರಸ್ ತಪಾಸಣೆ ಯಂತ್ರ ಲಿಂಕನ್ನು ಮೊದಲೇ ತೆರೆದು ನೋಡುತ್ತದೆ, ಕೆಲವೊಮ್ಮೆ ಎರಡು ಮೂರು ಸಲ. ಆ ಯಂತ್ರಗಳು ಹೆಚ್ಚಾಗಿ ಹೊರದೇಶದ ಡೇಟಾ ಸೆಂಟರ್‌ಗಳಲ್ಲಿರುತ್ತವೆ. ಗಂಟೆವಾರು ಗ್ರಾಫ್ ತೆಗೆಯಿರಿ. ಅಮೆರಿಕ, ಐರ್ಲೆಂಡಿನ 62 ಕ್ಲಿಕ್ ಮೇಲ್ ಹೋದ ಕೆಲವೇ ನಿಮಿಷಗಳಲ್ಲಿ ಗುಡ್ಡೆ ಬಿದ್ದಿದ್ದರೆ ಅವನ್ನು ಬಿಟ್ಟುಬಿಡಿ. ಜನ ಹಾಗೆ ಒಟ್ಟಿಗೆ ಒತ್ತುವುದಿಲ್ಲ, ಊಟದ ಹೊತ್ತಿಗೆ, ರಾತ್ರಿ ಚದುರಿ ಬರುತ್ತಾರೆ. ಲಿಂಕ್ ತೆರೆದ ಬ್ರೌಸರ್ ಅಥವಾ ಯಂತ್ರ ಹೇಳಿಕೊಳ್ಳುವ ಹೆಸರನ್ನು, ಅಂದರೆ ಯೂಸರ್ ಏಜೆಂಟನ್ನು, ನಿಮ್ಮ ಸೇವೆ ತೋರಿಸಿದರೆ `TelegramBot`, `facebookexternalhit` ಎಂಬ ಹೆಸರುಗಳನ್ನೂ ಕಳೆಯಿರಿ. ಆದರೆ ತಪಾಸಣೆ ಯಂತ್ರಗಳು ಎಷ್ಟೋ ಸಲ ಮಾಮೂಲಿ ಕ್ರೋಮ್ ಎಂದೇ ಹೇಳಿಕೊಳ್ಳುತ್ತವೆ, ಹೆಸರನ್ನೇ ನಂಬಿ ಕೂರುವಂತಿಲ್ಲ.

ಮೇಲೆ ಒಬ್ಬರು "ಯೂನಿಕ್ ಕ್ಲಿಕ್ ನೋಡಿದರೆ ಸಾಕು" ಅಂದಿದ್ದಾರೆ. ಅರ್ಧ ಸರಿ. ಒಬ್ಬರೇ ನಾಲ್ಕು ಸಲ ಒತ್ತಿದ್ದು ಅದರಲ್ಲಿ ಕಳೆಯುತ್ತದೆ. ಆದರೆ ಐಪಿ ವಿಳಾಸ ನೋಡಿ ಎಣಿಸುವ ಸೇವೆಯಾದರೆ, ಮೊಬೈಲ್ ನೆಟ್‌ನಲ್ಲಿ ಒಂದೇ ಐಪಿ ಹಂಚಿಕೊಂಡ ಹಲವರು ಒಬ್ಬರಾಗಿಬಿಡುತ್ತಾರೆ. ಹೊಸ ಹೊಸ ಐಪಿಯಿಂದ ಬರುವ ಯಂತ್ರವೋ ಪ್ರತಿ ಸಲವೂ ಹೊಸಬ.

ಮುಂದಿನ ಸಲ ಒಂದೇ ಫಾರ್ಮಿಗೆ ಐದು ಶಾರ್ಟ್ ಲಿಂಕ್ ಮಾಡಿ: ಮೂರು ವಾಟ್ಸಾಪ್ ಗುಂಪಿಗೂ ಒಂದೊಂದು, ಟೆಲಿಗ್ರಾಮ್‌ಗೊಂದು, ಮೇಲ್‌ಗೊಂದು. ವಾಟ್ಸಾಪ್‌ನಿಂದ ಬಂದವರು, ಎಲ್ಲಿಂದ ಬಂದರೆಂದು ತೋರಿಸುವ ರೆಫರರ್ ಪಟ್ಟಿಯಲ್ಲಿ ಸಾಮಾನ್ಯವಾಗಿ `Direct` ಎಂದೇ ಕಾಣುವುದರಿಂದ ಒಂದೇ ಲಿಂಕ್‌ನಲ್ಲಿ ಯಾವ ಗುಂಪು ಎಂದು ಗೊತ್ತಾಗದು. ಈಗಾಗಲೇ ಇರುವ ಲಿಂಕನ್ನೇ ಮತ್ತೆ ಚಿಕ್ಕದು ಮಾಡಲು ಹೋದರೆ ಕೆಲವು ಸೇವೆಗಳು ಹಳೆಯದನ್ನೇ ಕೊಡುತ್ತವೆ. ಹಾಗಾದರೆ ವಿಳಾಸದ ಕೊನೆಗೆ ಗುಂಪಿನ ಗುರುತು ಸೇರಿಸಿ, ಫಾರ್ಮ್ ವಿಳಾಸದಲ್ಲಿ ಮೊದಲೇ `?` ಇದ್ದರೆ `&g=1`, ಇಲ್ಲದಿದ್ದರೆ `?g=1`.

ಹೋಲಿಕೆಗೆ ಇನ್ನೊಂದು ಲಿಂಕ್ ಮಾಡಿ ನಿಮ್ಮೊಬ್ಬರೇ ಇರುವ ಗುಂಪಿಗೆ ಹಾಕಿ, ಒತ್ತದೆ ಹತ್ತು ನಿಮಿಷ ಬಿಡಿ. ಆಗಲೂ ಕ್ಲಿಕ್ ಏರಿದ್ದರೆ ಅಷ್ಟು ಯಂತ್ರದ್ದು.

62 ಕಳೆದರೂ ಫಾರ್ಮ್ ಲೆಕ್ಕ 150ಕ್ಕೆ 31, ಅಂದರೆ ಐದರಲ್ಲಿ ಒಬ್ಬರು. ಈ 150ರಲ್ಲಿ ನೀವೇ ಪರೀಕ್ಷೆಗೆ ಒತ್ತಿದ್ದು ಎಷ್ಟು? ಮುಂಬೈ ಡೇಟಾ ಸೆಂಟರ್‌ನಿಂದ ಬಂದ ಯಂತ್ರ ಇದ್ದರೆ ದೇಶದ ಪಟ್ಟಿಯಲ್ಲಿ ಬೇರ್ಪಡಿಸಲು ಬರುವುದಿಲ್ಲ. ನಗರವಾರು ಪಟ್ಟಿ ಸಿಕ್ಕರೆ ಇಲ್ಲಿ ಹಾಕಿ, ನೋಡೋಣ.