ಹಿಮೋಗ್ಲೋಬಿನ್ ಏರಿದ್ದು ಸಿಗರೇಟಿನಿಂದಲೋ, ಮಜ್ಜೆಯಿಂದಲೋ?

"ಅಪ್ಪನ ಹಿಮೋಗ್ಲೋಬಿನ್ 18.4. ಸಿಗರೇಟ್ ಸೇದ್ತಾರೆ, ಆದ್ರೆ ಆಕ್ಸಿಮೀಟರ್ 97 ತೋರಿಸ್ತಿದೆ. ಹಾಗಾದ್ರೆ ಮೂಳೆ ಮಜ್ಜೆ ಕೆಂಪುಕಣ ಅತಿಯಾಗಿ ಹುಟ್ಟಿಸೋ ಪಾಲಿಸೈಥೀಮಿಯಾ ವೆರಾ ಕಾಯಿಲೆನಾ?"

ಆ 97 ನೋಡಿ ತೀರ್ಮಾನಿಸಬೇಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್ ಅನ್ನೂ ಬೆರಳಿನ ಯಂತ್ರ ಆಮ್ಲಜನಕ ಇದೆ ಎಂದೇ ಎಣಿಸುತ್ತದೆ. ನಿಜವಾದ ಕೊರತೆ ಮೂತ್ರಪಿಂಡಕ್ಕೆ ಗೊತ್ತಾಗುತ್ತದೆ. ಅದು ಎರಿಥ್ರೋಪೊಯೆಟಿನ್ ಹಾರ್ಮೋನ್ ಕಳಿಸಿ ಕೆಂಪುಕಣ ಜಾಸ್ತಿ ಮಾಡಿಸುತ್ತದೆ. ಎತ್ತರದ ಜಾಗದಲ್ಲಿ, ಶ್ವಾಸಕೋಶದ ಕಾಯಿಲೆಯಲ್ಲೂ ಇದೇ ದಾರಿ.

ವೆರಾದಲ್ಲಿ ಮಜ್ಜೆ ಯಾರೂ ಹೇಳದೆ ತಾನೇ ಕಣ ಹುಟ್ಟಿಸುತ್ತದೆ. ಹಾಗಾಗಿ ಆ ಹಾರ್ಮೋನ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅದರ ಮಟ್ಟ ಮತ್ತು JAK2 ಜೀನ್, ಎರಡನ್ನೂ ರಕ್ತದಲ್ಲಿ ನೋಡಲು ವೈದ್ಯರನ್ನು ಕೇಳಿ. ವೆರಾ ಇರುವ 100 ಜನರಲ್ಲಿ 95ಕ್ಕೂ ಹೆಚ್ಚು ಮಂದಿಗೆ JAK2 ಬದಲಾವಣೆ ಸಿಗುತ್ತದೆ.

ಸೇದುವವರಿಗೂ ವೆರಾ ಬರಬಹುದು ಅಲ್ವಾ? ಸ್ನಾನದ ನಂತರ ತುರಿಕೆ, ಹೆಚ್ಚಿದ ಪ್ಲೇಟ್‌ಲೆಟ್, ಊದಿದ ಗುಲ್ಮ ಇದ್ದರೆ ಸುಮ್ನೆ ಸಿಗರೇಟಿನ ಮೇಲೆ ಹಾಕಿ ಬಿಡಬೇಡಿ.